ಆ್ಯಪ್ ಮಾಡೋಕೆ ಮೊದಲು ಏನನ್ನ ಪರೀಕ್ಷಿಸಬೇಕು?

ಪ್ರಶ್ನೆ (ಬಿಬಿಎ ಉಪನ್ಯಾಸಕಿ, ಧಾರವಾಡ): ನನ್ನ ವಿದ್ಯಾರ್ಥಿಗಳು ಪಿಜಿ ಹುಡುಗರಿಗೆ ರೊಟ್ಟಿ ಊಟ ತಲುಪಿಸುವ ಆ್ಯಪ್ ಮಾಡ್ತೀವಿ ಅಂತಿದ್ದಾರೆ. ಎಂವಿಪಿ, ಅಂದರೆ ಗಿರಾಕಿಗಳ ಮೇಲೆ ಪರೀಕ್ಷಿಸಿ ಕಲಿಯೋಕೆ ಸಾಕಾಗುವಷ್ಟು ಚಿಕ್ಕ ಮೊದಲ ರೂಪ, ಹೇಗೆ ಮಾಡೋದು, ಅದರಿಂದ ನಿಜವಾಗಿ ಏನಾದರೂ ಕಲಿತೆವು ಅಂತ ಹೇಗೆ ಹೇಳೋದು? ತರಗತಿಯಲ್ಲೇ ಮಾಡಿ ತೋರಿಸಬೇಕು.

ಸಾಫ್ಟ್‌ವೇರ್ ಎಂಜಿನಿಯರ್, ಹುಬ್ಬಳ್ಳಿ: ಆ್ಯಪನ್ನೇ ಚಿಕ್ಕದಾಗಿ ಮಾಡಿ ಮೇಡಂ. ಲಾಗಿನ್, ಮೆನು, ಪೇಮೆಂಟ್ ಇದ್ದರೆ ಸಾಕು.

ಸ್ಟಾರ್ಟಪ್ ಮಾರ್ಗದರ್ಶಕ, ಹುಬ್ಬಳ್ಳಿ: ಚಿಕ್ಕದಿರಬೇಕು ಅನ್ನೋದು ಸರಿ ಸರ್. ಆದರೆ ಆ್ಯಪ್ ಓಡುತ್ತೆ ಅನ್ನೋದರಲ್ಲಿ ಯಾರಿಗೂ ಅನುಮಾನ ಇಲ್ಲ. ಹುಡುಗರು ದುಡ್ಡು ಕೊಟ್ಟು ಮತ್ತೆ ಮತ್ತೆ ಊಟ ತರಿಸುತ್ತಾರಾ ಅನ್ನೋದೇ ಅನುಮಾನ. ಅದನ್ನ ತಿಳಿಯೋಕೆ ಆ್ಯಪ್ ಬೇಡ. 1999ರಲ್ಲಿ ಅಮೆರಿಕದ ಆನ್‌ಲೈನ್ ಶೂ ಅಂಗಡಿ ಜ್ಯಾಪೋಸ್ ಶುರು ಮಾಡುವಾಗ ನಿಕ್ ಸ್ವಿನ್‌ಮರ್ನ್ ಅಂಗಡಿಯಲ್ಲಿದ್ದ ಶೂಗಳ ಫೋಟೋ ತೆಗೆದು ವೆಬ್‌ಸೈಟಿಗೆ ಹಾಕಿದರು. ಆರ್ಡರ್ ಬಂದ ಮೇಲೆ ಅದೇ ಅಂಗಡಿಯಿಂದ ಕೊಂಡು ಕಳಿಸಿದರು.

ಮೇಡಂ, ನಿಮಗೆ ಒಂದು ಖಾನಾವಳಿ, ಒಂದು ವಾಟ್ಸಾಪ್ ನಂಬರ್ ಸಾಕು. ಮೊದಲು ಬೋರ್ಡಿನ ಮೇಲೆ ಬರೆಸಿ: "40 ಜನರನ್ನ ಕೇಳಿದರೆ 12 ಜನ ಐದು ದಿನದ ಊಟಕ್ಕೆ 300 ರೂಪಾಯಿ ಮುಂಗಡ ಕೊಡುತ್ತಾರೆ. ಅವರಲ್ಲಿ 8 ಜನ ಎರಡನೇ ವಾರವೂ ಕೊಡುತ್ತಾರೆ." ಸಂಖ್ಯೆಯನ್ನ ಮೊದಲೇ ಬರೆಯಬೇಕು. ಆಮೇಲೆ ಬರೆದರೆ ಎಷ್ಟು ಬಂದರೂ ಗೆದ್ದೆವು ಅನಿಸಿಬಿಡುತ್ತೆ.

ಈಗ 14 ಜನ ಕೊಟ್ಟರು, ಎರಡನೇ ವಾರ ಉಳಿದವರು 5 ಅಂತ ಇಟ್ಟುಕೊಳ್ಳಿ. ವಾಟ್ಸಾಪ್ ಗ್ರೂಪಿಗೆ 150 ಜನ ಸೇರಿದ್ದಾರೆ ಅಂತ ಮಕ್ಕಳು ಕುಣಿಯಬಹುದು. ಆ ಲೆಕ್ಕ ಬೇಡ. ಉಳಿದ 5 ಜನ ಯಾರು, ಬಿಟ್ಟವರು ಯಾಕೆ ಬಿಟ್ಟರು ಅಂತ ಕೇಳಿಸಿ. ನಾಲ್ವರು ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು, ಮಧ್ಯಾಹ್ನ ಪುಸ್ತಕ ಬಿಟ್ಟು ಏಳೋಕೆ ಇಷ್ಟವಿಲ್ಲದವರು ಅಂತ ಗೊತ್ತಾದರೆ? ಬಿಟ್ಟವರು ಗೆಳೆಯರ ಜೊತೆ ಕ್ಯಾಂಟೀನಿಗೆ ಹೋಗುವ ಕಾಲೇಜು ಹುಡುಗರಾದರೆ? ಆಗ ಗಿರಾಕಿ ಬೇರೆ ಅಂತ ಒಂದು ಸುಳಿವು ಸಿಕ್ಕಿತು. ಮುಂದಿನ ಸುತ್ತಿನಲ್ಲಿ ಅಂಥವರನ್ನೇ 40 ಜನರನ್ನ ಕೇಳಿ. ಬೆಲೆ, ಮೆನು ಹಾಗೇ ಇರಲಿ. ಎಲ್ಲಾ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯಲ್ಲ.

ಖಾನಾವಳಿ ಮಾಲೀಕರು, ಗದಗ: ನಾನೂ ಆ್ಯಪ್ ಮಾಡಿಸಿದ್ರ ಗಿರಾಕಿ ಹೆಚ್ಚಾಗ್ತಾರೇನ್ರೀ? ರುಚಿ ನೋಡ್ರಿ ಅಂತ ಪುಕ್ಕಟೆ ಕೊಟ್ಟಾಗ ಎಲ್ಲಾರೂ ಚಲೋ ಐತಿ ಅಂದ್ರು. ರೊಕ್ಕ ಕೊಟ್ಟು ಬರೋರು ಕಡಿಮಿ.

ಮಾರ್ಗದರ್ಶಕ: ಅಣ್ಣಾ, ಪುಕ್ಕಟೆ ಊಟ ರುಚಿ ಹೇಗಿದೆ ಅಂತಷ್ಟೇ ಹೇಳುತ್ತೆ. ಬೆಲೆ, ಹೊತ್ತು, ದೂರದ ಬಗ್ಗೆ ಏನೂ ಹೇಳಲ್ಲ. ಆವತ್ತು ಹೊಗಳಿ ಆಮೇಲೆ ಬಾರದವರನ್ನ ಮಾತಾಡಿಸಿ ನೋಡಿ.

ಉಪನ್ಯಾಸಕಿ: ಮಕ್ಕಳ ಗೆಳೆಯರು ಮುಲಾಜಿಗೆ ಕೊಟ್ಟರೆ? ಮತ್ತೆ ಐದು ಜನರನ್ನ ನೋಡಿ ತೀರ್ಮಾನ ಮಾಡಬಹುದಾ?

ಮಾರ್ಗದರ್ಶಕ: ಗೆಳೆಯರನ್ನ ಆ 40ರಲ್ಲಿ ಸೇರಿಸಲೇಬೇಡಿ. ಮುಲಾಜು ಸಾಮಾನ್ಯವಾಗಿ ಒಂದು ವಾರಕ್ಕೆ ಮುಗಿಯುತ್ತೆ, ಅದಕ್ಕೇ ಎರಡನೇ ವಾರದ ದುಡ್ಡು ಮುಖ್ಯ. ಐದು ಜನರನ್ನ ನೋಡಿ ಧಾರವಾಡದ ಮಾರುಕಟ್ಟೆ ಹೀಗೇ ಅಂತ ಹೇಳೋಕಾಗಲ್ಲ. ಮುಂದೆ ಯಾರನ್ನ ಕೇಳಬೇಕು ಅಂತ ಗೊತ್ತಾಗುತ್ತೆ, ಅಷ್ಟೇ.

ಎಂಜಿನಿಯರ್: ಸರಿ, ಆದರೆ 12 ಜನರಿಗೆ ಕೈಯಲ್ಲೇ ನಡೆದದ್ದು 200 ಜನರಿಗೆ ನಡೆಯುತ್ತಾ?

ಮಾರ್ಗದರ್ಶಕ: ಅದನ್ನ ಈ ಪರೀಕ್ಷೆ ಹೇಳಲ್ಲ ಸರ್. ಅಷ್ಟು ಜನರಿಗೆ ರೊಟ್ಟಿ ಬಡಿಯುವವರು ಎಷ್ಟು ಬೇಕು, ಊಟ ಬಿಸಿಯಾಗಿ ತಲುಪುತ್ತಾ ಅನ್ನೋದನ್ನ ಬೇರೆಯೇ ಪರೀಕ್ಷಿಸಬೇಕು.