ಬಿಒಕ್ಯೂ ಐಟಂ ವಿವರಣೆಯಲ್ಲಿ ಗೊಂದಲ ಹುಡುಕುವುದು ಹೇಗೆ? (ಪಾಯದ ಅಗೆತದ ಐಟಂ)

ಪ್ರಶ್ನೆ (ಜೂನಿಯರ್ ಇಂಜಿನಿಯರ್):
ಟೆಂಡರ್‌ಗೆ ಹೋಗುವ ಮೊದಲು ಬಿಒಕ್ಯೂ ಒಮ್ಮೆ ನೋಡಿಕೊಡು ಎಂದಿದ್ದಾರೆ. ಒಂದು ಐಟಂ ಹೀಗಿದೆ: "ಫುಟಿಂಗ್‌ಗಳಿಗೆ ಎಲ್ಲ ಬಗೆಯ ಮಣ್ಣಿನಲ್ಲಿ 1.5 ಮೀಟರ್ ಆಳದವರೆಗೆ ಅಗೆಯುವುದು, ಹೆಚ್ಚುವರಿ ಮಣ್ಣನ್ನು ಇಂಜಿನಿಯರ್ ಹೇಳಿದ ಕಡೆ ಸಾಗಿಸುವುದೂ ಸೇರಿ, ಎಲ್ಲ ರೀತಿಯಲ್ಲೂ ಪೂರ್ಣವಾಗಿ. 240 ಘನ ಮೀಟರ್." ಫುಟಿಂಗ್‌ಗಳು 40. ಅಡಿಯ ಪಿಸಿಸಿ 2 ಮೀಟರ್‌ಗೆ 2 ಮೀಟರ್. ಓದಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಇದರಲ್ಲಿ ಮುಂದೆ ಜಗಳಕ್ಕೆ ದಾರಿ ಇದೆಯಾ? ಇದ್ದರೆ ಎಲ್ಲಿ?

ಉತ್ತರ (ಕ್ವಾಂಟಿಟಿ ಸರ್ವೇಯರ್):
ಇದೆ, ಜಾಸ್ತಿಯೇ ಇದೆ. ಮೊದಲು ಆ 240 ಎಲ್ಲಿಂದ ಬಂತು ಅಂತ ಹಿಂದಕ್ಕೆ ಲೆಕ್ಕ ಹಾಕಿ. 240ನ್ನು 40ರಿಂದ ಭಾಗಿಸಿದರೆ ಒಂದು ಗುಂಡಿಗೆ 6 ಘನ ಮೀಟರ್. 2 × 2 × 1.5 ಕೂಡ 6. ಅಂದರೆ ಪ್ರಮಾಣ ತೆಗೆದವರು ಪಿಸಿಸಿ ಅಂಚಿನಿಂದ ನೇರ ಮೇಲಕ್ಕೆ ಗುಂಡಿಯ ಗೋಡೆ ಏಳುತ್ತದೆ ಎಂದುಕೊಂಡಿದ್ದಾರೆ. ಆದರೆ ಆ ಮಾತು ವಿವರಣೆಯಲ್ಲಿ ಎಲ್ಲೂ ಇಲ್ಲ.

ಸೈಟಿನಲ್ಲಿ ಹಾಗೆ ಅಗೆಯಲು ಆಗುವುದಿಲ್ಲ ಅಲ್ವಾ? ಶಟರಿಂಗ್ ಕಟ್ಟಲು, ಆಳು ಇಳಿದು ಕೆಲಸ ಮಾಡಲು ಸುತ್ತ ಜಾಗ ಬೇಕು. ನಾಲ್ಕೂ ಕಡೆ ಅರ್ಧ ಮೀಟರ್ ಬಿಟ್ಟರೆ ಗುಂಡಿ 3 × 3 × 1.5, ಅಂದರೆ 13.5 ಘನ ಮೀಟರ್. ನಲವತ್ತಕ್ಕೆ 540. ಕಾಂಟ್ರಾಕ್ಟರ್ ಅಗೆದದ್ದನ್ನು ಅಗೆದ ಹಾಗೆ ಅಳೆದು 540ಕ್ಕೆ ಬಿಲ್ ತರುತ್ತಾರೆ. ನೀವು 240 ಅನ್ನುತ್ತೀರಿ. ಗುಂಡಿ ಇಬ್ಬರ ಕಣ್ಣೆದುರಿಗೇ ಇರುತ್ತದೆ, ವಿವರಣೆ ಮಾತ್ರ ಯಾರ ಪರವೂ ಮಾತಾಡುವುದಿಲ್ಲ.

ಎರಡರಲ್ಲಿ ಯಾವ ಅಳತೆ ಹಿಡಿದರೂ ತಪ್ಪಿಲ್ಲ. ಪಿಸಿಸಿ ಅಳತೆಗೇ ದುಡ್ಡು ಎಂದು ಮೊದಲೇ ಗೊತ್ತಿದ್ದರೆ ಕಾಂಟ್ರಾಕ್ಟರ್ ಸುತ್ತಲಿನ ಅಗೆತದ ಖರ್ಚನ್ನು ರೇಟಿನೊಳಗೆ ಸೇರಿಸಿಕೊಳ್ಳುತ್ತಾರೆ. ತೊಂದರೆ ಶುರುವಾಗುವುದು ರೇಟು ಒಂದು ಅಳತೆ ನಂಬಿ, ಬಿಲ್ ಇನ್ನೊಂದು ಅಳತೆ ಹಿಡಿದು ಬಂದಾಗ.

ನಿಮ್ಮ ಕಾಂಟ್ರಾಕ್ಟ್ ಯಾವುದಾದರೂ ಅಳತೆ ಪದ್ಧತಿಯನ್ನು ಹೆಸರಿಸಿದೆಯಾ ನೋಡಿ. ಹೆಸರಿಸಿದ್ದರೆ ಕೆಲಸದ ಜಾಗದ ಬಗ್ಗೆ ಅದರಲ್ಲಿ ಏನಿದೆ ಅಂತ ಓದಿ, ನಿಮ್ಮ ಐಟಂ ಅದಕ್ಕೆ ಹೊಂದುತ್ತದೆಯೇ ನೋಡಿ.

ಕಾಮೆಂಟ್ (ಬಿಲ್ಲಿಂಗ್ ಇಂಜಿನಿಯರ್):
ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ ಸರ್? "ಎಲ್ಲ ರೀತಿಯಲ್ಲೂ ಪೂರ್ಣ" ಅಂತ ಇದೆಯಲ್ಲ. ಅದರಲ್ಲೇ ಎಲ್ಲ ಬಂತು. ಇನ್ನೂ ಗೊಂದಲ ಉಳಿದರೆ ಬರೆದವರ ವಿರುದ್ಧವೇ ಅರ್ಥ ಮಾಡಬೇಕು ಅನ್ನುವ ನಿಯಮವಂತೂ ಇದ್ದೇ ಇದೆ.

ಉತ್ತರ (ಕ್ವಾಂಟಿಟಿ ಸರ್ವೇಯರ್):
ಸರ್, ಎರಡನೇ ಮಾತು ಅರ್ಧ ಸರಿ. ಅಂಥ ನಿಯಮ ಇದೆ. ಆದರೆ ಕಾಂಟ್ರಾಕ್ಟಿನ ಉಳಿದ ಕಾಗದಗಳನ್ನೆಲ್ಲ ಒಟ್ಟಿಗೆ ಓದಿದ ಮೇಲೂ ಅರ್ಥ ಸ್ಪಷ್ಟವಾಗದಿದ್ದಾಗ, ಕೊನೆಗೆ ಅದರ ಮೊರೆ ಹೋಗುತ್ತಾರೆ. ಅದಕ್ಕೂ ಮೊದಲು ಡ್ರಾಯಿಂಗ್, ಸ್ಪೆಸಿಫಿಕೇಶನ್, ಯಾವ ಕಾಗದಕ್ಕೆ ಮೊದಲ ಮಾನ್ಯತೆ ಅನ್ನುವ ಷರತ್ತು ಇವೆಲ್ಲ ಬರುತ್ತವೆ. ಟೆಂಡರ್ ಹಂತದಲ್ಲೇ ಸಂಶಯ ಕೇಳಬೇಕಿತ್ತು ಅನ್ನುವ ಷರತ್ತಿದ್ದರೆ ಕಾಂಟ್ರಾಕ್ಟರ್ ಕೂಡ ಇಕ್ಕಟ್ಟಿಗೆ ಸಿಗುತ್ತಾರೆ.

"ಎಲ್ಲ ರೀತಿಯಲ್ಲೂ ಪೂರ್ಣ" ಅನ್ನುವುದು ಹೇಳಿದ ಕೆಲಸವನ್ನು ಮುಗಿಸಿಕೊಡಿ ಅಂತ ಹೇಳಬಹುದು. ಮುಗಿದ ಕೆಲಸವನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕು ಅನ್ನುವುದನ್ನು ಅದು ಹೇಳುವುದೇ ಇಲ್ಲ. ನನಗೆ ಆ ಪದಗಳನ್ನು ಕಂಡರೇ ಅನುಮಾನ. ಬರೆಯುವವರಿಗೆ ಏನು ಸೇರಿದೆ ಅಂತ ಯೋಚಿಸಲು ಬೇಜಾರಾದ ಕಡೆ ಅವು ಬಂದು ಕೂರುತ್ತವೆ.

ಕಾಮೆಂಟ್ (ಸೈಟ್ ಮೇಲ್ವಿಚಾರಕಿ):
ನಮ್ಮಲ್ಲಿ ತಾರಸಿ ವಾಟರ್‌ಪ್ರೂಫಿಂಗ್‌ನಲ್ಲಿ ಇದೇ ರಗಳೆ ಆಯಿತು. "ತಾರಸಿ ವಿಸ್ತೀರ್ಣಕ್ಕೆ, ಚದರ ಮೀಟರ್" ಅಂತಷ್ಟೇ ಇತ್ತು. ತಾರಸಿ 20ಕ್ಕೆ 10. ಪ್ಯಾರಾಪೆಟ್ ಗೋಡೆಗೆ 300 ಮಿಲಿಮೀಟರ್ ಹತ್ತಿಸಿದ್ದಕ್ಕೆ ಬೇರೆ ದುಡ್ಡು ಕೇಳಿದರು. 60 ಮೀಟರ್ ಸುತ್ತಳತೆಗೆ 18 ಚದರ ಮೀಟರ್. ನಮ್ಮವರು ಅದು ರೇಟಿನಲ್ಲೇ ಬಂತು ಅಂದರು. ಇನ್ನೂ ಮುಗಿದಿಲ್ಲ.

ಕಾಮೆಂಟ್ (ಗುತ್ತಿಗೆದಾರ):
ಪ್ರಮಾಣ ಹೆಚ್ಚಾದರೆ ರೇಟು ಬದಲಾಯಿಸಲು ಷರತ್ತು ಇರುತ್ತದಲ್ಲ? 240 ಇದ್ದದ್ದು 540 ಆದರೆ ಹೊಸ ರೇಟು ಕೇಳಬಹುದು.

ಉತ್ತರ (ಕ್ವಾಂಟಿಟಿ ಸರ್ವೇಯರ್):
ಅದು ನಿಜವಾಗಿ ಕೆಲಸವೇ ಹೆಚ್ಚಾದಾಗ, ಉದಾಹರಣೆಗೆ 40 ಫುಟಿಂಗ್ 60 ಆದಾಗ. ಇಲ್ಲಿ ಕೆಲಸ ಅಷ್ಟೇ ಇದೆ, ಅಳೆಯುವ ಗೆರೆ ಮಾತ್ರ ಸರಿದಿದೆ. ಎರಡನ್ನೂ ಬೆರೆಸಬೇಡಿ.

ಮೇಡಂ, ನಿಮ್ಮ 18 ಚದರ ಮೀಟರ್ ವಿಷಯದಲ್ಲಿ ಡ್ರಾಯಿಂಗ್‌ನಲ್ಲಿ ಆ ಹತ್ತಿಕೆ ತೋರಿಸಿದ್ದರೂ, ಅದನ್ನು ಅಳೆಯಬೇಕಾ ಬೇಡವಾ ಅನ್ನುವುದು ಉಳಿದೇ ಉಳಿಯುತ್ತದೆ. ಬಿಒಕ್ಯೂನಲ್ಲಿ 200 ಇತ್ತಾ, 218 ಇತ್ತಾ? ಅದನ್ನು ಮೊದಲು ನೋಡಿ.

ಮತ್ತೆ ಅಗೆತಕ್ಕೆ ಬರೋಣ. "1.5 ಮೀಟರ್ ಆಳದವರೆಗೆ" ಅಂದರೆ ಎಲ್ಲಿಂದ? ಮೂಲ ನೆಲದಿಂದಲೋ, ಸೈಟ್ ಮಟ್ಟ ಮಾಡಿದ ಮೇಲಿನಿಂದಲೋ? ಮಟ್ಟ ಮಾಡುವಾಗ 30 ಸೆಂಟಿಮೀಟರ್ ಮಣ್ಣು ತೆಗೆದು ಅದಕ್ಕೂ ಬೇರೆ ಐಟಂ ಇದ್ದರೆ, ಅದೇ ಮಣ್ಣಿಗೆ ಎರಡು ಸಲ ದುಡ್ಡು ಹೋಗಬಹುದು. ಅಗೆತಕ್ಕೆ ಮೊದಲೇ ಇಬ್ಬರೂ ನಿಂತು ಲೆವೆಲ್ ತೆಗೆದು ಸಹಿ ಮಾಡಿಟ್ಟುಕೊಳ್ಳಬೇಕು.

ಸಾಗಿಸುವ ಮಾತೂ ಹಾಗೆಯೇ. ಅಗೆದ ಮಣ್ಣು ಉಬ್ಬುತ್ತದೆ. ಸಾಮಾನ್ಯ ಮಣ್ಣು 20-30 ಶೇಕಡದಷ್ಟು ಉಬ್ಬಬಹುದು. ಸಾಗಣೆಯನ್ನು ಲಾರಿಯಲ್ಲಿ ಅಳೆದರೆ ಒಂದು ಲೆಕ್ಕ, ಗುಂಡಿಯಲ್ಲಿ ಅಳೆದರೆ ಇನ್ನೊಂದು. "ಇಂಜಿನಿಯರ್ ಹೇಳಿದ ಕಡೆ" ಅನ್ನುವುದು ಸೈಟಿನ ಮೂಲೆಯೂ ಆಗಬಹುದು, ಊರಾಚೆಯೂ ಆಗಬಹುದು. ದೂರ ಗೊತ್ತಿಲ್ಲದೆ ರೇಟು ಹಾಕುವುದು ಹೇಗೆ?

ನಾನಾದರೆ ಹೀಗೆ ಬರೆಯುತ್ತೇನೆ:

"ಫುಟಿಂಗ್‌ಗಳಿಗೆ ಗಟ್ಟಿ ಬಂಡೆ ಬಿಟ್ಟು ಉಳಿದ ಎಲ್ಲ ಮಣ್ಣಿನಲ್ಲಿ, ಸೈಟ್ ಮಟ್ಟ ಮಾಡಿದ ಮೇಲಿನ ನೆಲದಿಂದ 1.5 ಮೀಟರ್ ಆಳದವರೆಗೆ ಅಗೆಯುವುದು. ಅಳತೆ: ಪಿಸಿಸಿ ಅಂಚಿನಿಂದ ನೇರ ಮೇಲಕ್ಕೆ, ಅಗೆಯುವ ಮುಂಚಿನ ಘನ ಅಳತೆ. ಕೆಲಸದ ಜಾಗ, ಇಳಿಜಾರು, ಅದರ ಮರುಭರ್ತಿ, ಇವೆಲ್ಲ ರೇಟಿನಲ್ಲಿ ಸೇರಿವೆ. ಸಾಗಣೆ ಈ ಐಟಂನಲ್ಲಿ ಇಲ್ಲ."

ಮರುಭರ್ತಿಯ ಐಟಂಗೂ ಇದೇ ಗೆರೆ ಹಾಕಿ. ಇಲ್ಲವಾದರೆ ಅಗೆತದಲ್ಲಿ ಕಳೆದದ್ದನ್ನು ಅಲ್ಲಿ ಕೇಳುತ್ತಾರೆ. ಸಾಗಣೆಗೆ ಬೇರೆ ಐಟಂ ಮಾಡಿ ದೂರ ಬರೆಯಿರಿ.

ಪ್ರಶ್ನೆ (ಜೂನಿಯರ್ ಇಂಜಿನಿಯರ್):
ಸರ್, ಉಳಿದ ಎಲ್ಲ ಐಟಂಗಳನ್ನೂ ಇಷ್ಟು ಆಳವಾಗಿ ನೋಡಲು ಸಮಯ ಇಲ್ಲ. ಯಾವುದನ್ನು ಹಿಡಿಯಲಿ? ಮತ್ತೆ ಗುಂಡಿಯಲ್ಲಿ ನೀರು ಬಂದರೆ?

ಉತ್ತರ (ಕ್ವಾಂಟಿಟಿ ಸರ್ವೇಯರ್):
ಮೊತ್ತ ದೊಡ್ಡದಿರುವವು, ಮತ್ತೆ ಮುಚ್ಚಿಹೋಗುವವು. ಮುಚ್ಚಿದ್ದನ್ನು ಆಮೇಲೆ ತೆರೆದು ಅಳೆಯಲು ಆಗುವುದಿಲ್ಲ. ಸಂಶಯವಿದ್ದರೆ ಒಂದು ಫುಟಿಂಗಿನ ಡ್ರಾಯಿಂಗ್ ಮತ್ತು ಐಟಂ ಸಾಲನ್ನು ಇಬ್ಬರು ಸಹೋದ್ಯೋಗಿಗಳಿಗೆ ಬೇರೆಬೇರೆಯಾಗಿ ಕೊಡಿ, ಬಿಒಕ್ಯೂ ಪ್ರಮಾಣ ತೋರಿಸಬೇಡಿ. ಒಬ್ಬರಿಗೆ 6, ಇನ್ನೊಬ್ಬರಿಗೆ 13.5 ಬಂದರೆ ಆ ಸಾಲನ್ನು ತಿದ್ದಬೇಕು.

ನೀರು ಎತ್ತುವುದನ್ನು ರೇಟಿನೊಳಗೇ ಹಾಕಿ, ಬೇರೆ ಐಟಂ ಬೇಡ.

ಕಾಮೆಂಟ್ (ಸೈಟ್ ಮೇಲ್ವಿಚಾರಕಿ):
ಇದನ್ನು ಒಪ್ಪಲಾರೆ ಸರ್. ಮಳೆ ನೀರು ಸರಿ, ಆದರೆ ಅಂತರ್ಜಲ ಎಷ್ಟು ಅಂತ ಟೆಂಡರ್ ಹಾಕುವವರಿಗೆ ಹೇಗೆ ಗೊತ್ತಾಗಬೇಕು? ಹೆದರಿ ರೇಟು ಏರಿಸುತ್ತಾರೆ. ಪಂಪು ಓಡಿದ ಗಂಟೆಗೆ ಒಂದು ಐಟಂ ಇಡುವುದೇ ಮೇಲು.

ಉತ್ತರ (ಕ್ವಾಂಟಿಟಿ ಸರ್ವೇಯರ್):
ಗಂಟೆ ಲೆಕ್ಕ ಇಟ್ಟರೆ ಪಂಪು ಸುಮ್ನೆ ಓಡುತ್ತಲೇ ಇರುತ್ತದೆ ಮೇಡಂ! ಬೋರ್‌ಹೋಲ್ ವರದಿ ಟೆಂಡರ್ ಜೊತೆ ಕೊಟ್ಟರೆ ನನ್ನ ದಾರಿ ಸರಿ. ವರದಿ ಇಲ್ಲದಿದ್ದರೆ ನಿಮ್ಮ ಮಾತಿಗೆ ಒಪ್ಪುತ್ತೇನೆ, ಆದರೆ ಗಂಟೆಗಳಿಗೆ ದಿನವೂ ಸಹಿ ಬೇಕು.

ಕಾಮೆಂಟ್ (ಜೂನಿಯರ್ ಇಂಜಿನಿಯರ್):
ಈಗ ನೋಡಿದೆ, ಮರುಭರ್ತಿ ಐಟಂನಲ್ಲಿ 540 ಘನ ಮೀಟರ್ ಗುಂಡಿಯಿಂದ ಕಾಂಕ್ರೀಟ್ ಕಳೆದು ಪ್ರಮಾಣ ಹಾಕಿದ್ದಾರೆ!

ಉತ್ತರ (ಕ್ವಾಂಟಿಟಿ ಸರ್ವೇಯರ್):
ಎರಡು ಐಟಂ ಇಬ್ಬರು ತೆಗೆದಿರಬೇಕು. ಇಬ್ಬರನ್ನೂ ಕೂರಿಸಿ ಯಾವ ಗೆರೆ ಅಂತ ತೀರ್ಮಾನ ಮಾಡಿ, ಟೆಂಡರ್ ಹೊರಡುವ ಮೊದಲೇ ಎರಡೂ ಪ್ರಮಾಣ ಆ ಗೆರೆಗೆ ಹೊಂದುವಂತೆ ತಿದ್ದಿಸಿ.