ಅಪ್‌ಡೇಟ್: ಎಡಗಿವಿಯಲ್ಲಿ ಬೇಸ್ ಬಂತು

ನನ್ನ ಪ್ರಶ್ನೆ: "ಹಾಸನ–ಚಿಕ್ಕಮಗಳೂರು ಬಸ್ಸಲ್ಲಿ ಇಯರ್‌ಫೋನ್ ಹಾಕಿದ್ರೂ ಎಂಜಿನ್ ಸದ್ದೇ ಜಾಸ್ತಿ. ಎಡಗಡೆ ಬೇಸ್ ಇಲ್ಲವೇ ಇಲ್ಲ. ಏನು ಮಾಡ್ಲಿ?"

ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಕೆಲಸ ಮಾಡಿದ್ದು "ಎರಡೂ ಕಿವಿಗೆ ಒಂದೇ ಸೈಜ್ ಟಿಪ್ ಬೇಕಂತಿಲ್ಲ" ಅಂದವರ ಸಲಹೆ. ಮೊದಲು ಎಡ–ಬಲ ಅದಲುಬದಲು ಮಾಡಿ ಹಾಕಿದೆ. ಆಗಲೂ ಎಡಗಿವಿಯಲ್ಲೇ ಬೇಸ್ ಕಡಿಮೆ, ಅಂದ್ರೆ ಇಯರ್‌ಫೋನ್ ಸರಿಯಿದೆ, ಗಾಳಿ ಸೋರುತ್ತಿರೋದು ಕಿವಿಯಲ್ಲಿ. 40 ಹರ್ಟ್ಸ್ ಟೋನ್ ಸಣ್ಣ ದನಿಯಲ್ಲಿ ಹಾಕಿ ಬೆರಳಿಂದ ಮೆಲ್ಲಗೆ ಒತ್ತಿ ನೋಡಿ. ಒತ್ತಿದಾಗ ಗುಂಯ್ ಸದ್ದು ಏಕ್ದಂ ಜಾಸ್ತಿಯಾದ್ರೆ ಸೀಲ್ ಆಗಿಲ್ಲ ಅಂತಲೇ ಅರ್ಥ. ಈಗ ಬಲಕ್ಕೆ ಮೀಡಿಯಂ, ಎಡಕ್ಕೆ ಲಾರ್ಜ್ ಸಿಲಿಕೋನ್ ಟಿಪ್. ಹಾಕುವಾಗ ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಹಿಡಿದರೆ ಸಲೀಸಾಗಿ ಒಳಗೆ ಕೂರುತ್ತೆ.

ಈಕ್ವಲೈಸರಲ್ಲಿ ಬೇಸ್ ಏರಿಸಿದ್ದು ಉಪಯೋಗಕ್ಕೆ ಬರಲಿಲ್ಲ. ಏರಿಸಿದ್ದೆಲ್ಲ ಅದೇ ಸಂದಿಯಲ್ಲಿ ಸೋರಿಹೋಗುತ್ತೆ, ದನಿ ಮಾತ್ರ ಒಡೆಯುತ್ತೆ.

ಫೋಮ್ ಟಿಪ್ಪನ್ನೂ ನೋಡಿದೆ. ಹಿಂಡಿ ತೆಳ್ಳಗೆ ಮಾಡಿ ಒಳಗಿಟ್ಟು, ಉಬ್ಬುವವರೆಗೆ ಅರ್ಧ ನಿಮಿಷ ಹಿಡಿದಿರಬೇಕು. ಹೊರಗಿನ ಮಾತು ತಡೆಯೋದರಲ್ಲಿ ಇದೇ ಮೇಲು, ಆದರೆ ತಾಳದ ಚುರುಕು ಸ್ವಲ್ಪ ಮಂಕಾಯಿತು.

ಗೊತ್ತೇ ಇರದಿದ್ದ ವಿಷಯ: ದವಡೆ ಆಡಿದರೆ ಕಿವಿಯ ನಾಳದ ಆಕಾರ ಬದಲಾಗುತ್ತೆ. ಸುಮ್ಮನೆ ಕೂತಾಗ ಸರಿಯಿದ್ದ ಮೀಡಿಯಂ ಟಿಪ್, ಚಕ್ಕುಲಿ ಅಗಿಯುವಾಗ ಸಡಿಲವಾಗ್ತಿತ್ತು. ಟೋನ್ ಹಾಕಿಕೊಂಡೇ ಬಾಯಿ ಆಡಿಸಿ ಸೈಜ್ ಆರಿಸಿ. ಬೇಲೂರು ದಾಟುವಾಗಿನ ಎಂಜಿನ್ ಗುಡುಗು ಪೂರ್ತಿ ಹೋಗಿಲ್ಲ, ಆದರೆ ವಾಲ್ಯೂಮ್ ಮೊದಲಿಗಿಂತ ಕಡಿಮೆ ಸಾಕಾಗ್ತಿದೆ.