ಕಾರ್ಟ್ ಬಿಟ್ಟುಹೋದವರಿಗೆ ಮೆಸೇಜು: ಎಲ್ಲಿ ನಿಲ್ಲಿಸಬೇಕು?

ಆನ್‌ಲೈನ್ ಕಾರ್ಟ್‌ಗೆ ಸಾಮಾನು ಹಾಕಿ ಕೊಳ್ಳದೆ ಬಿಟ್ಟವರಿಗೆ ಕಳಿಸುವ ನೆನಪಿನ ಮೆಸೇಜಿನ ಬಗ್ಗೆ ಅಂಗಡಿಯವರು ಮೇಡಂ ಜೊತೆ ಆಡಿದ ಮಾತು.

ಸೀರೆ ಅಂಗಡಿ, ಮಲ್ಲೇಶ್ವರಂ: ಮೇಡಂ, ದುಡ್ಡು ಕಟ್ಟಿ ಸೀರೆ ತಗೊಂಡವರಿಗೇ ಮರುದಿನ "ನಿಮ್ಮ ಸೀರೆ ಕಾರ್ಟ್‌ನಲ್ಲೇ ಇದೆ, 10% ಕಡಿಮೆ" ಅಂತ ವಾಟ್ಸ್ಆ್ಯಪ್ ಹೋಗಿದೆ. ಈಗ ಆ 10% ವಾಪಸ್ ಕೇಳ್ತಿದ್ದಾರೆ. ಎಲ್ಲಿ ತಪ್ಪಾಯ್ತು?

ಮೇಡಂ: ನೀವು ಕಳಿಸಿದ ಪಟ್ಟಿ ನೋಡಿದೆ. ಮಧ್ಯಾಹ್ನ 1:10ಕ್ಕೆ ಲ್ಯಾಪ್‌ಟಾಪ್‌ನಲ್ಲಿ ಸೀರೆ ಹಾಕಿ, ಫೋನ್ ನಂಬರ್ ಕೊಟ್ಟು, ಹಾಗೇ ಬಿಟ್ಟಿದ್ದಾರೆ. 2:10ಕ್ಕೆ ಮೊದಲ ಮೆಸೇಜು ಹೋಗಿದೆ, ಅದು ಸರಿ. ರಾತ್ರಿ 8:40ಕ್ಕೆ ಮೊಬೈಲ್‌ನಲ್ಲಿ ಅದೇ ಸೀರೆ ಹೊಸದಾಗಿ ಹಾಕಿ ಯುಪಿಐನಲ್ಲಿ ಕಟ್ಟಿದ್ದಾರೆ. ಅಂದರೆ ಕಾರ್ಟ್ ಎರಡು. ನಿಮ್ಮ ನಿಯಮ ಕಾರ್ಟ್ ನಂಬರ್ ನೋಡಿ ನಿಲ್ಲಿಸುತ್ತದೆ, ಲ್ಯಾಪ್‌ಟಾಪ್ ಕಾರ್ಟ್ ಇನ್ನೂ ತೆರೆದೇ ಇತ್ತು, ಹಾಗಾಗಿ ಮರುದಿನ ಮಧ್ಯಾಹ್ನ ಎರಡನೆಯ ಮೆಸೇಜೂ ಹೊರಟಿತು.

ಕಾರ್ಟ್ ಬಿಡಿ, ಫೋನ್ ನಂಬರ್ ಹಿಡಿಯಿರಿ. ಅದರಲ್ಲೂ ಒಂದು ಕಡೆ 91 ಸೇರಿದೆ, ಇನ್ನೊಂದು ಕಡೆ ಇಲ್ಲ, ಅದಕ್ಕೆ ಕೊನೆಯ 10 ಅಂಕಿ ಮಾತ್ರ ಹೋಲಿಸಿ. ಆ ನಂಬರಿಂದ ಆರ್ಡರ್ ಬಂದಿದೆಯಾ ಅಂತ ಮೆಸೇಜು ಹೊರಡುವ ಕ್ಷಣದಲ್ಲೇ ನೋಡಬೇಕು, ಸಾಲಿಗೆ ಹಾಕುವಾಗ ನೋಡಿದರೆ ಸಾಲದು. ಯುಪಿಐ ಪೆಂಡಿಂಗ್ ಇದ್ದರೆ ಅದು ಮುಗಿಯುವವರೆಗೆ ಕಾಯಿರಿ. ಈ ಗ್ರಾಹಕರಿಗೆ 10% ಕೊಟ್ಟುಬಿಡಿ, ತಪ್ಪು ನಮ್ಮದೇ.

ಉಪ್ಪಿನಕಾಯಿ, ವಿಜಯನಗರ: ಎಷ್ಟು ಮೆಸೇಜು, ಎಷ್ಟು ಗ್ಯಾಪ್?

ಮೇಡಂ: ಸೀರೆಗೆ ಮೂರು: 1 ಗಂಟೆ, 24 ಗಂಟೆ, 3 ದಿನ. ನಿಮ್ಮ 180 ರೂಪಾಯಿ ಬಾಟಲಿಗೆ ಒಂದೇ ಸಾಕು. ರಾತ್ರಿ 9ರ ಮೇಲೆ ಬೇಡ, ಬೆಳಗ್ಗೆಗೆ ತಳ್ಳಿ. ಅವರು ಉತ್ತರ ಕೊಟ್ಟರೆ, ಬೇಡ ಅಂದರೆ, ಸ್ಟಾಕ್ ಖಾಲಿಯಾದರೆ, ಅಲ್ಲಿಗೇ ನಿಲ್ಲಿಸಿ.

ಮೇಣದಬತ್ತಿ, ಎಚ್‌ಎಸ್‌ಆರ್: ಮೆಸೇಜನ್ನು ವಾಟ್ಸ್ಆ್ಯಪ್‌ನ ಯುಟಿಲಿಟಿ ಟೆಂಪ್ಲೇಟ್‌ನಲ್ಲಿ ಹಾಕಿ, ಮಾರ್ಕೆಟಿಂಗ್ ಟೆಂಪ್ಲೇಟ್‌ಗಿಂತ ಅಗ್ಗ. ಜೊತೆಗೆ ಇದು ನೋಡಿ, "7 ಮೆಸೇಜಿನ ಸೂತ್ರ", ಮೊದಲನೆಯದು 10 ನಿಮಿಷಕ್ಕೆ!

ಮೇಡಂ: ಅಗ್ಗ ನಿಜ. ಆದರೆ ಆರ್ಡರ್ ಆಗಿದ್ದನ್ನು ತಿಳಿಸುವುದು ಯುಟಿಲಿಟಿ, ಕಾರ್ಟ್ ನೆನಪಿಸುವುದು ಮಾರ್ಕೆಟಿಂಗ್. ಆ ಫಾರ್ವರ್ಡ್ ಈ ತಿಂಗಳು ಮೂರನೇ ಸಲ ಬಂತು. 10 ನಿಮಿಷಕ್ಕೆ ಜನ ಇನ್ನೂ ಕಾರ್ಡ್ ಹುಡುಕುತ್ತಿರುತ್ತಾರೆ. 7 ಕಳಿಸಿದರೆ ಬ್ಲಾಕ್ ಮಾಡುತ್ತಾರೆ, ವಾಟ್ಸ್ಆ್ಯಪ್ ನಿಮ್ಮ ನಂಬರಿಗೆ ಕೊಡುವ ಕ್ವಾಲಿಟಿ ರೇಟಿಂಗ್ ಇಳಿಯುತ್ತದೆ.

ಆಟಿಕೆ, ಬಸವನಗುಡಿ: ನನಗೆ ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್ ವಾಪಸ್ ಬರ್ತಿವೆ, ಅದಕ್ಕೆ ಎಷ್ಟು ಮೆಸೇಜು?

ಉಪ್ಪಿನಕಾಯಿ: ಅದು ಬೇರೆ ವಿಷಯ ಅಲ್ವಾ. ಕೂಪನ್ ಮೊದಲನೆಯದರಲ್ಲೇ ಕೊಡಬಹುದಾ?

ಮೇಣದಬತ್ತಿ: ಕೊಡಿ. ನಾನು ಕೊಡ್ತೀನಿ, ಸೇಲ್ ಆಗುತ್ತೆ.

ಸೀರೆ ಅಂಗಡಿ: ಆಗುತ್ತೆ, ಆಮೇಲೆ ಅವರೇ ಪ್ರತಿ ಸಲ ಕಾರ್ಟ್ ಬಿಟ್ಟು ಕೂಪನ್‌ಗೆ ಕಾಯ್ತಾರೆ. ನನ್ನ ಹಳೇ ಗ್ರಾಹಕರು ಆರು ಜನ ಹಾಗೇ ಮಾಡಿದ್ದಾರೆ.

ಮೇಣದಬತ್ತಿ: ಆರು ಜನ ನೋಡಿ ನಿಯಮ ಮಾಡ್ಬೇಡಿ.

ಸೀರೆ ಅಂಗಡಿ: ನೀವು ಫಾರ್ವರ್ಡ್ ನೋಡಿ ಮಾಡ್ತೀರಲ್ಲ.

ಮೇಡಂ: ಕೂಪನ್ ಕೊಟ್ಟರೆ ಮೂರನೆಯದರಲ್ಲಿ, ಮೊದಲ ಸಲ ಕೊಳ್ಳುವವರಿಗೆ ಮಾತ್ರ. ಜಗಳ ಬೇಡ.

ಉಪ್ಪಿನಕಾಯಿ: ಹಾಗಾದ್ರೆ ಒಟ್ಟು ಎಷ್ಟು ಮೆಸೇಜು ಮೇಡಂ?

ಮೇಡಂ: ಮೇಲೆ ಬರೆದಿದ್ದೇನೆ.